ಗುಲಾಬಿ ಕಾಂಡದ ಮೇಲಿನ ಬಿಳಿ ಚುಕ್ಕೆಗಳು

ಕಳೆದ ಚಳಿಗಾಲದಲ್ಲಿ ತಂಗಿ ತನ್ನ ಗುಲಾಬಿ ಗಿಡದ ಫೋಟೋ ಕಳಿಸಿದಳು. ಕಾಂಡದ ತುಂಬ ಬಿಳಿ ಚುಕ್ಕೆ. “ಅಕ್ಕ, ಇದು ಹಿಟ್ಟು ತಿಗಣೆ ಅಲ್ವಾ?” ಅಂದಳು. ನಾನೂ ಹೌದು ಅಂದೆ, ಸೋಪಿನ ನೀರು ಸಿಂಪಡಿಸು ಅಂತ ಹೇಳಿದೆ. ಹತ್ತು ದಿನ ಕಳೆದರೂ ಕೆಳಗಿನ ಕಾಂಡದ ಬಿಳಿ ಹಾಗೇ ಇತ್ತು. ತುದಿಯಲ್ಲಿ ಮಾತ್ರ ಕಡಿಮೆಯಾಗಿತ್ತು.

ಆಗ ಆ ಫೋಟೋವನ್ನು ದೊಡ್ಡದು ಮಾಡಿ ಮತ್ತೆ ನೋಡಿದೆ. ತುದಿಯ ಎಳೆ ಕಾಂಡದಲ್ಲಿ ಇದ್ದದ್ದು ಸಸ್ಯಹೇನು. ಹೇನಿನ ಮೈ ಸಾಮಾನ್ಯವಾಗಿ ಬರಿಮೈ, ಹಸಿರು, ಪೇರು ಹಣ್ಣಿನ ಆಕಾರ, ಹಿಂದೆ ಎರಡು ಸಣ್ಣ ಕೊಳವೆ. ಹಾಗಾದರೆ ಬಿಳಿ ಯಾವುದು? ಅವು ಕಳಚಿದ ಪೊರೆ. ಖಾಲಿ ಪೊರೆಗೂ ಕಾಲುಗಳಿರುತ್ತವೆ, ಆದರೆ ಒಳಗೆ ಏನೂ ಇರುವುದಿಲ್ಲ.

ಕೆಳಗಿನ ಕಾಂಡದ ಕಥೆಯೇ ಬೇರೆ. ಫ್ಲ್ಯಾಶ್ ಬೆಳಕಿನಲ್ಲಿ ಅದು ಸುಣ್ಣ ಬಳಿದ ಹಾಗೆ ಕಂಡಿತ್ತು. ಫ್ಲ್ಯಾಶ್ ಆರಿಸಿ ಬೆಳಗಿನ ಓರೆ ಬೆಳಕಿನಲ್ಲಿ ತೆಗೆಯಲು ಹೇಳಿದೆ. ಒಂದು ಫೋಟೋ ಇದ್ದ ಹಾಗೇ, ಇನ್ನೊಂದು ಉಗುರಿನಿಂದ ಕೆರೆದ ಮೇಲೆ. ಮೊದಲನೆಯದರಲ್ಲಿ ದುಂಡಗಿನ, ಚಪ್ಪಟೆ ಬಿಲ್ಲೆಗಳು. ನಡುವೆ ಉದ್ದನೆಯ ಕಡ್ಡಿಯಂಥವು. ಎರಡನೆಯದರಲ್ಲಿ ಬಿಲ್ಲೆ ಮುಚ್ಚಳದ ಹಾಗೆ ಎದ್ದು ಬಂದಿತ್ತು, ಕೆಳಗೆ ಕಿತ್ತಳೆ ಬಣ್ಣದ ಮೈ ಕಾಂಡಕ್ಕೇ ಉಳಿದಿತ್ತು. ಅದು ಗುಲಾಬಿಯ ಶಲ್ಕ ಕೀಟ. ದುಂಡಗಿನವು ಹೆಣ್ಣು, ಉದ್ದನೆಯವು ಗಂಡಿನ ಹೊದಿಕೆ. ಆ ಮುಚ್ಚಳ ಮೈಗೆ ಅಂಟಿಕೊಂಡಿಲ್ಲ, ಆದರೆ ಸೋಪಿನ ನೀರು ಒಳಗೆ ಹೋಗಲು ಬಿಡುವುದಿಲ್ಲ.

ಹಿಟ್ಟು ತಿಗಣೆಯಾಗಿದ್ದರೆ ಕೆರೆದಾಗ ಮುಚ್ಚಳ ಏಳುತ್ತಿರಲಿಲ್ಲ. ಬ್ರಷ್ಷಿನಿಂದ ಸವರಿದರೆ ಹಿಟ್ಟು ಉದುರಿ, ಅಡ್ಡ ಗೆರೆಗಳಿರುವ ಮೆತ್ತನೆ ಮೈ ಕಾಣುತ್ತಿತ್ತು. ಕಾಲೂ ಇರುತ್ತದೆ, ನಿಧಾನಕ್ಕೆ ನಡೆಯುತ್ತದೆ. ಹತ್ತಿಯಂಥ ಗಂಟಿದ್ದರೆ ಅದು ಮೊಟ್ಟೆ ಚೀಲ. ಬಿಳಿನೊಣದ ಬಿಳುಪು ರೆಕ್ಕೆಯ ಮೇಲಿನ ಮೇಣದ ಪುಡಿ, ಮೈ ಹಳದಿ. ಅದರ ಮರಿಗಳು ಚಪ್ಪಟೆಯಾಗಿ ಎಲೆಯ ಅಡಿ ಅಂಟಿರುತ್ತವೆ. ಹಾಗಾಗಿ ಕಾಂಡದ ಫೋಟೋ ಬಂದಾಗ ನಾನು ಎಲೆಯ ಅಡಿಯ ಫೋಟೋ ಕೂಡ ಕೇಳುತ್ತೇನೆ.

ಬಿಳಿ ಅಂದ ಕೂಡಲೇ ಹಿಟ್ಟು ತಿಗಣೆ ಎನ್ನಲು ಆಗಲ್ಲ. ಕಬ್ಬಿನ ಬಿಳಿ ಉಣ್ಣೆ ಹೇನು ಕೂಡ ಮೇಣ ಹೊದ್ದಿರುತ್ತದೆ, ಆದರೂ ಅದು ಹೇನೇ. ಇನ್ನು ಕೀಟ ಬದುಕಿದೆಯೋ ಸತ್ತಿದೆಯೋ ಎಂಬುದು ಫೋಟೋದಲ್ಲಿ ತಿಳಿಯುವುದಿಲ್ಲ. ಶಲ್ಕ ಕೀಟ ಸತ್ತ ಮೇಲೂ ಹೊದಿಕೆ ಅಲ್ಲೇ ಇರುತ್ತದೆ. ಸೂಜಿಯಿಂದ ಚುಚ್ಚಿದರೆ ಬದುಕಿದ್ದದ್ದು ಒದ್ದೆಯಾಗುತ್ತದೆ, ಸತ್ತದ್ದು ಪುಡಿಯಾಗುತ್ತದೆ.

ತಂಗಿ ಜಾಸ್ತಿ ಕೀಟವಿದ್ದ ಕಾಂಡಗಳನ್ನು ಕತ್ತರಿಸಿ ದೂರ ಹಾಕಿದಳು. ಉಳಿದವನ್ನು ಹಳೇ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದಳು. ಮುಚ್ಚಳ ಎದ್ದ ಮೇಲೆ ಸೋಪಿನ ನೀರು ಸಿಂಪಡಿಸಿದಳು.