ಟಿವಿಯಲ್ಲಿ ಮೊಬೈಲ್ ಚಿತ್ರದ ಸುತ್ತ ಕಪ್ಪು ಪಟ್ಟಿ: ಸರಿಪಡಿಸಿದ ಕ್ರಮ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ, ಮೊಬೈಲನ್ನು ಅಡ್ಡ ಹಿಡಿದು ಚಿತ್ರಿಸಿದ ಯಕ್ಷಗಾನದ ವಿಡಿಯೊವನ್ನು ಸ್ಕ್ರೀನ್ ಮಿರರಿಂಗ್ ಮೂಲಕ ಟಿವಿಗೆ ಹಾಕಿದರೆ, ಚಿತ್ರವು ಪರದೆಯ ನಡುವೆ ಉದ್ದನೆಯ ಕಂಬದಂತೆ ನಿಂತು, ಎರಡೂ ಬದಿ ಕಪ್ಪಾಗಿರುತ್ತಿತ್ತು. ಟಿವಿಯ ಜೂಮ್ ಒತ್ತಿದರೆ ವೇಷದ ಕಿರೀಟವೇ ಕತ್ತರಿಸಿ ಹೋಗುತ್ತಿತ್ತು. ಟಿವಿಯನ್ನು ಆರಿಸಿ ಹಾಕಿದರೂ, ಮೊಬೈಲನ್ನು ಅಡ್ಡ ತಿರುಗಿಸಿದರೂ ಫಲವಿರಲಿಲ್ಲ.

ಮಿರರಿಂಗ್ ಕಳುಹಿಸುವುದು ವಿಡಿಯೊವನ್ನಲ್ಲ, ಮೊಬೈಲಿನ ಇಡೀ ಪರದೆಯನ್ನು. ನನ್ನ ಮೊಬೈಲಿನಲ್ಲಿ ಆಟೊ ರೊಟೇಟ್ ಆಫ್ ಆಗಿತ್ತು. ಅದನ್ನು ಆನ್ ಮಾಡಿದ ಮೇಲೂ, ಅಡ್ಡ ತಿರುಗದ ಹೋಮ್ ಸ್ಕ್ರೀನಿನಿಂದ ಸಂಪರ್ಕಿಸಿದಾಗ ನಮ್ಮ ಟಿವಿ ಲಂಬ ಚಿತ್ರವನ್ನೇ ಹಿಡಿದುಕೊಳ್ಳುತ್ತಿತ್ತು. ಆದ್ದರಿಂದ ಮೊದಲು ಮಿರರಿಂಗ್ ನಿಲ್ಲಿಸಿ, ಆಟೊ ರೊಟೇಟ್ ಆನ್ ಮಾಡಿ, ವಿಡಿಯೊವನ್ನು ಅಡ್ಡವಾಗಿ ಪೂರ್ಣ ಪರದೆಗೆ ತಂದು, ಮೊಬೈಲನ್ನು ಹಾಗೆಯೇ ಹಿಡಿದು, ಮೇಲಿನ ಪಟ್ಟಿಯನ್ನು ಎಳೆದು ಮತ್ತೆ ಸಂಪರ್ಕಿಸಿದೆ. ಚಿತ್ರ ಅಡ್ಡವಾಗಿ ಬಂದಿತು.

ಆದರೂ ನಾಲ್ಕೂ ಕಡೆ ತೆಳುವಾದ ಕಪ್ಪು ಅಂಚು ಉಳಿಯಿತು. ಮೊಬೈಲ್ ಪರದೆ 20:9, ವಿಡಿಯೊ ಮತ್ತು ಟಿವಿ 16:9. ಹಾಗಾಗಿ ಮೊಬೈಲಿನಲ್ಲಿ ಎಡಬಲಕ್ಕೆ, ಟಿವಿಯಲ್ಲಿ ಮೇಲೆ ಕೆಳಗೆ ಜಾಗ ಖಾಲಿ ಉಳಿಯುತ್ತದೆ. ಈಗ 1.25 ಪಟ್ಟು ಹಿಗ್ಗಿಸಿದರೆ ಲೆಕ್ಕ ಸರಿಹೊಂದುವುದರಿಂದ, ಮೊದಲು ಕಿರೀಟ ಕತ್ತರಿಸಿದ್ದ ಅದೇ ಜೂಮನ್ನು ಅಷ್ಟಕ್ಕೆ ಹೊಂದಿಸಿದಾಗ ಚಿತ್ರವು ಏನನ್ನೂ ಕಳೆದುಕೊಳ್ಳದೆ ಪರದೆ ತುಂಬಿತು.