ನಿಂತ ಮೋಟರಿಗೂ ಒಂದು ಆಂಪ್ಸ್ ತೋರಿಸುವ ಮೀಟರು: ಆರ್‌ಎಂಎಸ್ ಲೆಕ್ಕ ಸರಿಮಾಡುವುದು ಹೇಗೆ?

ಮಂಡ್ಯ ಹತ್ತಿರದ ನಮ್ಮ ಕಬ್ಬಿನ ಗದ್ದೆಯ ಒಂದು ಎಚ್‌ಪಿ ಪಂಪಿಗೆ ಆರ್ಡುಯಿನೊ ಯುನೊ ಬಳಸಿ ಕರೆಂಟ್ ಮೀಟರ್ ಕಟ್ಟಿದ್ದೆ. ಚಿಕ್ಕಪ್ಪ ಮೊದಲ ದಿನವೇ ಕೇಳಿದರು: "ಮೋಟ್ರು ನಿಂತೈತಲ್ಲ ಮಗ, ಒಂದಾಂಪ್ಸು ಯಾಕ್ ತೋರಿಸ್ತೈತೆ?"

ಯುನೊ ಸೊನ್ನೆಯಿಂದ 5 ವೋಲ್ಟ್‌ವರೆಗೆ ಮಾತ್ರ ಅಳೆಯುತ್ತದೆ, ಮೈನಸ್ ವೋಲ್ಟೇಜ್ ಅದಕ್ಕೆ ಆಗದು. ಎ.ಸಿ. ಅಲೆ ಮೇಲೂ ಕೆಳಗೂ ಹೋಗುವುದರಿಂದ ಎರಡು 10 ಕಿಲೋಓಮ್ ರೆಸಿಸ್ಟರ್ ಹಾಕಿ ಅಲೆಯನ್ನು 2.5 ವೋಲ್ಟ್ ಮೇಲೆ ಕೂರಿಸುತ್ತೇವೆ. ಯುನೊ 5 ವೋಲ್ಟನ್ನು 1024 ಅಂಕಗಳಾಗಿ ಹಂಚಿ ಓದುವುದರಿಂದ ಪುಸ್ತಕದ ಲೆಕ್ಕಕ್ಕೆ ಅದು 512. ಆದರೆ ಎರಡು ರೆಸಿಸ್ಟರ್ ತದ್ರೂಪು ಇರುವುದಿಲ್ಲ, ನನ್ನದರಲ್ಲಿ ನಡುಗೆರೆ 506ಕ್ಕೆ ಕೂತಿತ್ತು. 512 ಕಳೆದರೆ ಪ್ರತಿ ಸ್ಯಾಂಪಲ್‌ನಲ್ಲೂ 6 ಅಂಕ ತಪ್ಪು ಉಳಿಯುತ್ತದೆ. ಆರ್‌ಎಂಎಸ್ ಎಂದರೆ ಸ್ಯಾಂಪಲ್‌ಗಳ ವರ್ಗಗಳ ಸರಾಸರಿಯ ವರ್ಗಮೂಲ; ವರ್ಗ ಮಾಡಿದಾಗ ಮೈನಸ್ಸೂ ಪ್ಲಸ್ಸೇ ಆಗುವುದರಿಂದ ಆ ತಪ್ಪು ತಾನಾಗಿ ಅಳಿಯದು.

ವೈರಿನ ಸುತ್ತ ಹಾಕುವ ನನ್ನ ಕರೆಂಟ್ ಸೆನ್ಸರ್, ಅಂದರೆ ಸಿ.ಟಿ., 30 ಆಂಪಿಯರ್‌ಗೆ 1 ವೋಲ್ಟ್ ಕೊಡುತ್ತದೆ, ಅಂದರೆ ಒಂದು ಅಂಕಕ್ಕೆ 0.1465 ಆಂಪಿಯರ್. ಆರು ಅಂಕಕ್ಕೆ 0.88. ಚಿಕ್ಕಪ್ಪ ಕಂಡ ಆಂಪ್ಸ್ ಅದೇ. ಪಂಪ್ 7 ಆಂಪಿಯರ್ ಎಳೆಯುವಾಗ ಇದೇ ತಪ್ಪಿನಿಂದ 7.05 ಬರುತ್ತದೆ, ಅಷ್ಟೆ. ಹಾಗಾಗಿ ಮೋಟರ್ ಓಡುವಾಗ ಕ್ಲ್ಯಾಂಪ್ ಮೀಟರ್ ಜೊತೆ ಹೋಲಿಸಿ ಎಲ್ಲ ಸರಿಯಿದೆ ಎಂದು ನಂಬಿಬಿಡಬೇಡಿ. ಮೋಟರ್ ನಿಲ್ಲಿಸಿಯೇ ನೋಡಬೇಕು.

ಪರಿಹಾರ ಇಷ್ಟು: ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆದು ವರ್ಗಮೂಲ ತೆಗೆಯಿರಿ. ಆಗ ನಡುಗೆರೆ ಎಲ್ಲಿದ್ದರೂ ಲೆಕ್ಕ ಅದನ್ನು ತಾನೇ ಹುಡುಕಿಕೊಳ್ಳುತ್ತದೆ.

```
long s = 0, q = 0;
unsigned long t = micros();
for (int i = 0; i < 400; i++) {
  while (micros() - t < 500) {}
  t += 500;
  long x = analogRead(A0) - 512;
  s += x;
  q += x * x;
}
float m = s / 400.0;
float amps = sqrt(q / 400.0 - m * m) * 0.1465;
```

512 ಕಳೆದಿರುವುದು ಮೊತ್ತ ಚಿಕ್ಕದಾಗಿರಲಿ ಎಂದಷ್ಟೇ. ಕಳೆಯದೆ ದೊಡ್ಡ ಸಂಖ್ಯೆಗಳನ್ನು ಫ್ಲೋಟ್‌ನಲ್ಲಿ ಕೂಡುತ್ತ ಹೋದರೆ ಕೊನೆಯ ಅಂಕಿಗಳು ಜಾರಿಹೋಗುತ್ತವೆ. ನಮಗೆ ಬೇಕಾದ ಸಣ್ಣ ವ್ಯತ್ಯಾಸ ಇರುವುದು ಅಲ್ಲಿಯೇ.

ಇನ್ನು ಸ್ಯಾಂಪಲ್ ವೇಗ. ನಮ್ಮ ಲೈನು 50 ಹರ್ಟ್ಸ್, ಒಂದು ಸುತ್ತಿಗೆ 20 ಮಿಲಿಸೆಕೆಂಡ್. 500 ಮೈಕ್ರೋಸೆಕೆಂಡಿಗೊಂದರಂತೆ ತೆಗೆದರೆ ಸುತ್ತಿಗೆ 40 ಸ್ಯಾಂಪಲ್, 400ಕ್ಕೆ ಪೂರ್ತಿ ಹತ್ತು ಸುತ್ತು. ಈ 'ಪೂರ್ತಿ' ಮುಖ್ಯ. ಅರ್ಧಂಬರ್ಧ ಸುತ್ತಿನಲ್ಲಿ ನಿಲ್ಲಿಸಿದರೆ ಕರೆಂಟ್ ಒಂದೇ ಇದ್ದರೂ ಓದು ಪ್ರತಿಸಲ ಹೊಯ್ದಾಡುತ್ತದೆ. 10 ಮಿಲಿಸೆಕೆಂಡಿಗೊಮ್ಮೆ ತೆಗೆದರಂತೂ ಪ್ರತಿ ಸುತ್ತಿನಲ್ಲೂ ಅಲೆಯ ಅದೇ ಎರಡು ಜಾಗ ಸಿಗುತ್ತದೆ. ಅವು ಸೊನ್ನೆ ದಾಟುವ ಜಾಗಗಳಾದರೆ ಓಡುವ ಮೋಟರಿಗೂ ಸೊನ್ನೆ! ಲೈನಿನ ಹರ್ಟ್ಸ್ ಚೂರು ಸರಿದಂತೆ ಓದು ನಿಧಾನ ಏರಿ ಇಳಿಯತೊಡಗಿದರೆ ಈ ಕಾಯಿಲೆಯೇ ಎಂದು ತಿಳಿಯಿರಿ.

ಸಿ.ಟಿ.ಯನ್ನು ಒಂದೇ ವೈರಿಗೆ ಹಾಕಿ. ಎರಡನ್ನೂ ಒಳಗೆ ಬಿಟ್ಟರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಹೊಡೆದುಹಾಕುತ್ತವೆ. ಇಷ್ಟಾದ ಮೇಲೂ ವಿದ್ಯುತ್ ಗದ್ದಲದಿಂದಾಗಿ ಒಂದೆರಡು ಅಂಕ ಉಳಿಯುತ್ತದೆ. ನಾನು 0.3 ಆಂಪಿಯರ್‌ಗಿಂತ ಕಡಿಮೆ ಬಂದದ್ದನ್ನೆಲ್ಲ ಸೊನ್ನೆ ಎಂದೇ ತೋರಿಸುತ್ತೇನೆ.