9 ಲಕ್ಷ ಕೇಳಿದ ಅಂಗಡಿಗೆ ನಾನು ಬೆಲೆ ಕಟ್ಟಿದ್ದು ಹೀಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮುಳ್ಳೇರಿಯಾಕ್ಕೆ ಹೋಗುವ ದಾರಿಯಲ್ಲಿ, ಬಸ್ಸು ನಿಲ್ಲುವ ಜಾಗದ ಪಕ್ಕ ಒಂದು ಜೀನಸಿನ ಅಂಗಡಿ. ಒಂದೇ ಕೋಣೆ, ಹಿಂದೆ ಗೋಣಿ ಇಡಲು ಸ್ವಲ್ಪ ಜಾಗ. ಇಪ್ಪತ್ತೆರಡು ವರ್ಷ ನಡೆಸಿದ ಅಣ್ಣನಿಗೆ ಮಂಡಿನೋವು, ಮಗ ಬೆಂಗಳೂರಲ್ಲಿ. ನಾನು ಗಲ್ಫಿನಲ್ಲಿ ಒಂಬತ್ತು ವರ್ಷ ಸೂಪರ್ ಮಾರ್ಕೆಟ್ಟಿನ ಗೋದಾಮಿನಲ್ಲಿದ್ದು ಊರಿಗೆ ಬಂದಿದ್ದೆ. ಸಾಮಾನು ಎಣಿಸುವುದು ಗೊತ್ತಿತ್ತು. ಅಂಗಡಿಗೆ ಬೆಲೆ ಕಟ್ಟುವುದು ಗೊತ್ತಿರಲಿಲ್ಲ.

ಅಣ್ಣ ಹೇಳಿದ ಲೆಕ್ಕ ಸರಳ. ಸಾಮಾನು 5 ಲಕ್ಷದ್ದು, ರ‍್ಯಾಕು, ಫ್ರಿಜ್ಜು ಎಲ್ಲ ಸೇರಿ 50 ಸಾವಿರ, ಗುಡ್‌ವಿಲ್, ಅಂದರೆ ಅಂಗಡಿಯ ಹೆಸರಿಗೂ ಕಟ್ಟಿದ ಗಿರಾಕಿಗೂ ಕೊಡುವ ಬೆಲೆ, ಮೂರೂವರೆ ಲಕ್ಷ. ಒಟ್ಟು 9. "ದಿನಕ್ಕೆ ಹನ್ನೆರಡು ಸಾವಿರ ವ್ಯಾಪಾರಕ್ಕೆ ಮೋಸ ಇಲ್ಲ ಮಾರಾಯ. ನೂರಕ್ಕೆ ಹದಿನೈದು ಹಿಡಿ, ತಿಂಗಳಿಗೆ ಐವತ್ತು ಸಾವಿರ ಕೈಗೆ ಬರ್ತದೆ" ಅಂದರು.

ಅವರು ಸುಳ್ಳು ಹೇಳುವ ಮನುಷ್ಯ ಅಲ್ಲ. ಆದರೆ ಅವರ ತಲೆಯಲ್ಲಿದ್ದದ್ದು ವಿಷುವಿನ ವಾರದ ವ್ಯಾಪಾರ. ಏಪ್ರಿಲ್, ಮೇ ಅಂದರೆ ನಮ್ಮಲ್ಲಿ ಮದುವೆ, ನೇಮ, ಗಲ್ಫಿನಿಂದ ರಜೆಗೆ ಬಂದವರು. ಆಗ ಹನ್ನೆರಡು ಸಾವಿರ ಆಗುತ್ತದೆ. ಜುಲೈಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದರೆ ಆರು ಸಾವಿರ ಕಾಣುವುದೂ ಕಷ್ಟ. ಮಾರುವವನು ಒಳ್ಳೆಯ ತಿಂಗಳನ್ನೇ ನೆನಪಿಟ್ಟಿರುತ್ತಾನೆ.

ಇನ್ನೊಂದು ಸಂಶಯವೂ ಬಂತು. ದಿನಕ್ಕೆ 12 ಸಾವಿರ ಅಂದರೆ ವರ್ಷಕ್ಕೆ 43 ಲಕ್ಷ. ಕೇರಳದಲ್ಲಿ ಸಾಮಾನು ಮಾರುವವರ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ಮಾಡಿಸಬೇಕು. ಅಣ್ಣನಿಗೆ ಜಿಎಸ್‌ಟಿ ಇಲ್ಲ. ಹಾಗಾದರೆ ವ್ಯಾಪಾರದ ಲೆಕ್ಕ ತಪ್ಪಿರಬೇಕು, ಇಲ್ಲ ಅಂದರೆ ನಾನು ಕೊಳ್ಳುವುದು ನಾಳೆ ನೋಟೀಸು ಬರಬಹುದಾದ ಅಂಗಡಿ. ಅವರ ಮುಖಕ್ಕೆ ಹಾಗೆ ಹೇಳಲಿಲ್ಲ. "ಖರೀದಿ ಬಿಲ್ಲು ನೋಡಬಹುದಾ?" ಅಂತ ಮಾತ್ರ ಕೇಳಿದೆ.

ಸಣ್ಣ ಅಂಗಡಿಯಲ್ಲಿ ಮಾರಾಟದ ಲೆಕ್ಕ ಯಾರೂ ಬರೆಯುವುದಿಲ್ಲ. ಆದರೆ ಅಂಗಡಿಗೆ ಸಾಮಾನು ತಂದು ಹಾಕುವ ಲೈನಿನವರು ಕೊಟ್ಟ ಬಿಲ್ಲು ಎಲ್ಲಾದರೂ ಇರುತ್ತದೆ. ಇಲ್ಲಿ ಗೋಡೆಯ ಮೊಳೆಗೆ ತೂಗುಹಾಕಿದ ಸರಿಗೆಯಲ್ಲಿ ಚುಚ್ಚಿಟ್ಟಿದ್ದರು. ಕೆಳಗಿನವು ಹಳದಿಯಾಗಿ, ಜಿರಳೆ ತಿಂದು, ಆದರೂ ಓದಬಹುದಿತ್ತು. ಒಂದು ವರ್ಷದ್ದು ಮನೆಗೆ ತಂದು ಎರಡು ರಾತ್ರಿ ಕೂಡಿಸಿದೆ. ತರಕಾರಿ ಮತ್ತು ಹಾಲಿಗೆ ಬಿಲ್ಲು ಇರಲಿಲ್ಲ, ಅದನ್ನು ತಂದುಕೊಡುವವರನ್ನೇ ಕೇಳಿ ಸೇರಿಸಿದೆ. ತಿಂಗಳಿಗೆ ಸರಾಸರಿ 2.90 ಲಕ್ಷದ ಖರೀದಿ. ಅದರಲ್ಲಿ 8 ಸಾವಿರದಷ್ಟು ಅವರ ಮನೆಗೇ ಹೋಗುವ ಅಕ್ಕಿ, ಎಣ್ಣೆ, ಸಾಬೂನು. ಉಳಿದದ್ದು 2.82 ಲಕ್ಷ.

ಈಗ ಇದರ ಮೇಲೆ ಎಷ್ಟು ಸಿಗುತ್ತದೆ? ಎಲ್ಲದಕ್ಕೂ ಹದಿನೈದು ಅಂತ ಹಿಡಿಯುವುದೇ ತಪ್ಪು. ಅಕ್ಕಿ, ಸಕ್ಕರೆ, ಎಣ್ಣೆ, ಹಾಲು ಸೇರಿ 1.20 ಲಕ್ಷ, ಇದರಲ್ಲಿ ನೂರಕ್ಕೆ ಆರು ಸಿಕ್ಕಿದರೆ ಪುಣ್ಯ. ಬಿಸ್ಕೆಟು, ಸಾಬೂನು, ಮಸಾಲೆ ಪ್ಯಾಕೆಟ್ಟು ಸುಮಾರು 1 ಲಕ್ಷ, ಇಲ್ಲಿ ಹನ್ನೆರಡು. ತೂಕ ಮಾಡಿ ಕೊಡುವ ಮೆಣಸು, ಕೊತ್ತಂಬರಿ, ಬೇಳೆ ಮತ್ತು ತರಕಾರಿ 62 ಸಾವಿರ, ಇಲ್ಲಿ ಮಾತ್ರ ಇಪ್ಪತ್ತನಾಲ್ಕರವರೆಗೆ. ಕೂಡಿಸಿದರೆ ತಿಂಗಳಿಗೆ 34 ಸಾವಿರ ಬಂತು. ಮಾರಾಟ 3.16 ಲಕ್ಷ, ದಿನಕ್ಕೆ ಹತ್ತೂವರೆ ಸಾವಿರ, ವರ್ಷಕ್ಕೆ 38 ಲಕ್ಷದ ಹತ್ತಿರ. ಜಿಎಸ್‌ಟಿಯ ಭಯವೂ ಇಳಿಯಿತು.

ಈ 34 ಸಾವಿರದಲ್ಲಿ ಬಾಡಿಗೆ 5 ಸಾವಿರ, ಕರೆಂಟು ಎರಡೂವರೆ, ಕೊಳೆತ ಟೊಮೆಟೊ, ಕವರು, ರಿಕ್ಷಾ ಬಾಡಿಗೆ ಸೇರಿ ಇನ್ನೊಂದು ಎರಡೂವರೆ. 24 ಸಾವಿರ ಉಳಿಯಿತು. ಅಣ್ಣನ ಪ್ರಕಾರ ಇದೇ ಲಾಭ. ನನ್ನ ಪ್ರಕಾರ ಅಲ್ಲ. ಅವರು ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆದು ರಾತ್ರಿ ಒಂಬತ್ತಕ್ಕೆ ಹಾಕುತ್ತಾರೆ. ಮಧ್ಯಾಹ್ನ ಅತ್ತಿಗೆ ಕೂರುತ್ತಾರೆ. ಅಲ್ಲಿ ಕೂರಲು ಒಬ್ಬ ಜನ ಇಟ್ಟರೆ ದಿನಕ್ಕೆ 600 ಕೊಡಬೇಕು, ತಿಂಗಳಿಗೆ 18 ಸಾವಿರ. ಅದು ಕೂತವರ ಸಂಬಳ, ಅಂಗಡಿಯ ಲಾಭ ಅಲ್ಲ. ಇನ್ನು ಸಾಮಾನಿಗೆ ಹಾಕಿದ ದುಡ್ಡು ಬ್ಯಾಂಕಿನಲ್ಲಿದ್ದರೆ ತಿಂಗಳಿಗೆ 2 ಸಾವಿರದಷ್ಟು ಬಡ್ಡಿ ಬರುತ್ತಿತ್ತು. ಎರಡನ್ನೂ ಕಳೆದರೆ 4 ಸಾವಿರ. ಗುಡ್‌ವಿಲ್ ಅಂತ ಕೊಡುವುದು ಈ ನಾಲ್ಕು ಸಾವಿರಕ್ಕೆ ಮಾತ್ರ. ಸಂಬಳಕ್ಕೂ ಬಡ್ಡಿಗೂ ಯಾರಾದರೂ ಮುಂಗಡ ಕೊಡುತ್ತಾರಾ?

ಎಷ್ಟು ತಿಂಗಳಿನ ನಾಲ್ಕು ಸಾವಿರ? ಇದಕ್ಕೆ ಸೂತ್ರ ಇಲ್ಲ. ನಾನು ಯೋಚಿಸಿದ್ದು ಇಷ್ಟು: ಎದುರು ಬದಿಯಲ್ಲಿ ಖಾಲಿ ಕೋಣೆ ಹಿಡಿದು ಹೊಸದಾಗಿ ಶುರು ಮಾಡಿದರೆ ಇದೇ ವ್ಯಾಪಾರಕ್ಕೆ ಮುಟ್ಟಲು ಎಷ್ಟು ಕಾಲ ಬೇಕು? ನಮ್ಮಂಥ ಊರಿನಲ್ಲಿ ಎರಡು ವರ್ಷ. ಹಾಗಾಗಿ 24 ತಿಂಗಳು, 96 ಸಾವಿರ.

ಅಷ್ಟರಲ್ಲಿ ಕಟ್ಟಡದ ಧಣಿಯನ್ನು ಕಂಡು ಬಂದೆ. ಮಾತು ಮುಗಿಯುವ ಮೊದಲೇ ಹೋದದ್ದು ಒಳ್ಳೆಯದಾಯಿತು. ಹಳಬರಿಗೆ ಅಂತ ಐದು ಸಾವಿರ, ಹೊಸ ಕರಾರು ಆದರೆ ಆರೂವರೆ ಅಂದರು. ತಿಂಗಳಿಗೆ ಒಂದೂವರೆ ಸಾವಿರ ಜಾಸ್ತಿ. ನಾಲ್ಕು ಸಾವಿರ ಎರಡೂವರೆಯಾಯಿತು, 96 ಸಾವಿರ 60 ಸಾವಿರಕ್ಕೆ ಇಳಿಯಿತು. ಧಣಿಯ ಒಂದು ಮಾತು ಅಣ್ಣನ ಇಪ್ಪತ್ತೆರಡು ವರ್ಷದ ಹೆಸರಿನಲ್ಲಿ 36 ಸಾವಿರ ತಿಂದುಹಾಕಿತು. ಬಾಡಿಗೆ ಕರಾರು ಯಾರ ಹೆಸರಲ್ಲಿ, ಎಷ್ಟು ವರ್ಷಕ್ಕೆ ಅಂತ ನೋಡದೆ ಗುಡ್‌ವಿಲ್ ಮಾತಾಡುವುದು ದಂಡ. ಅಡ್ವಾನ್ಸ್ 50 ಸಾವಿರ ಬೇರೆ ಲೆಕ್ಕ, ಅದು ಧಣಿಯ ಹತ್ತಿರ ಇರುವ ದುಡ್ಡು. ನಾನು ಅಣ್ಣನಿಗೆ ಅಷ್ಟು ಕೊಟ್ಟು ಕರಾರನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಪಂಚಾಯತ್ ಲೈಸೆನ್ಸು, ಆಹಾರ ಸುರಕ್ಷತೆಯ ಅನುಮತಿ ನನ್ನ ಹೆಸರಿನಲ್ಲಿ ಹೊಸದಾಗಿ ಆಗಬೇಕಿತ್ತು, ಅದಕ್ಕೆ ಬೆಲೆ ಹಾಕಲಿಲ್ಲ.

ಸಾಮಾನು ಎಣಿಸಿದ್ದು ಒಂದು ಆದಿತ್ಯವಾರ. ಬಾಗಿಲು ಅರ್ಧ ಇಳಿಸಿ, ನಾನು ಎಣಿಸುವುದು, ನನ್ನ ತಮ್ಮ ಬರೆಯುವುದು, ಅಣ್ಣ ಸ್ಟೂಲಿನ ಮೇಲೆ ಕೂತು ನೋಡುವುದು. ಎಣಿಸಿ ಮುಗಿದ ಅರೆಗೆ ಸೀಮೆಸುಣ್ಣದ ಗೀಟು. ಬೆಲೆ ಹಾಕಿದ್ದು ಕೊನೆಯ ಖರೀದಿ ಬಿಲ್ಲಿನ ದರದಲ್ಲಿ, ಸ್ಕೀಮಿನಲ್ಲಿ ಸಿಕ್ಕ ರಿಯಾಯಿತಿ ಕಳೆದು. ಅಣ್ಣನ 5 ಲಕ್ಷ ಕವರಿನ ಮೇಲಿನ ಎಂಆರ್‌ಪಿಯದ್ದು, ಅದೂ ಅಂದಾಜು.

ಎದುರು ಸಾಲು ನೋಡಿದರೆ ಎಲ್ಲ ಹೊಸತು. ಕೈ ಹಾಕಿ ಹಿಂದಿನ ಸಾಲು ಎಳೆದಾಗ ಬೇರೆಯೇ ಕಥೆ. ಸಾಂಬಾರ್ ಪುಡಿ ಪ್ಯಾಕೆಟ್ಟು ಹಿಂದಿನ ಓಣಂ ಕಾಲದ್ದು. ಶಾಂಪೂ ಸ್ಯಾಚೆ ಮಾಲೆಗಳ ಮೇಲೆ ಬೆರಳು ಎಳೆದರೆ ಗೆರೆ ಬೀಳುವಷ್ಟು ಧೂಳು. ಕನ್ನಡ ಕಾಪಿ ಪುಸ್ತಕ ನಾಲ್ಕು ಕಟ್ಟು, ಗೆದ್ದಲು ಮುಟ್ಟಿದ್ದು. "ಶಾಲೆಯಲ್ಲಿ ಮಕ್ಕಳು ಕಡಿಮೆಯಾದ್ರು" ಅಂದರು ಅಣ್ಣ, ನೆಲ ನೋಡುತ್ತಾ. ನನಗೂ ಬೇಜಾರಾಯಿತು, ಆದರೆ ಬೆಲೆ ಸೊನ್ನೆಯೇ.

ಖರೀದಿ ದರದಲ್ಲಿ ಒಟ್ಟು 3.95 ಲಕ್ಷ ಬಂತು. ಅದನ್ನು ಮೂರು ಪಾಲು ಮಾಡಿದೆ. ಒಂದು ತಿಂಗಳೊಳಗೆ ಹೋಗುವಂಥದ್ದು 2.70 ಲಕ್ಷ, ಪೂರ್ತಿ ಬೆಲೆ. ಹೋಗುತ್ತದೆ, ಆದರೆ ಯಾವಾಗ ಅಂತ ಗೊತ್ತಿಲ್ಲ ಅನ್ನುವಂಥದ್ದು 70 ಸಾವಿರದ್ದು, ಅರ್ಧ ಬೆಲೆ. ತಾರೀಕು ಮುಗಿದದ್ದು, ಹಾಳಾದದ್ದು 55 ಸಾವಿರದ್ದು, ಏನೂ ಇಲ್ಲ. ಲೈನಿನವರು ವಾಪಸು ತೆಗೆದುಕೊಂಡರೆ ಆ ದುಡ್ಡು ನಿಮಗೇ ಅಂದೆ. ಹೀಗೆ ಸಾಮಾನಿನ ಬೆಲೆ 3.05 ಲಕ್ಷ. ತಂಪು ಪಾನೀಯದ ಫ್ರಿಜ್ಜು ಕಂಪೆನಿಯದ್ದು, ಅದನ್ನು ಮಾರಲು ಬರುವುದಿಲ್ಲ. ಉಳಿದ ರ‍್ಯಾಕು, ತಕ್ಕಡಿ, ಫ್ರೀಜರ್ ಸೇರಿ 35 ಸಾವಿರ.

ನಾವು ಎಣಿಸುತ್ತಿದ್ದಾಗಲೇ ಬಿಸ್ಕೆಟಿನ ಲೈನಿನ ಹುಡುಗ ಬಾಗಿಲಿನಡಿ ಬಗ್ಗಿ, "ಅಣ್ಣಾ, ಹಿಂದಿನ ಎರಡು ಬಿಲ್ಲಿನದ್ದು ಬಾಕಿ ಉಂಟಲ್ಲ" ಅಂದ. ಆದಿತ್ಯವಾರ ಅವನು ಯಾಕೆ ಬಂದನೋ, ಅಂಗಡಿ ಮಾರುವ ಸುದ್ದಿ ಮುಟ್ಟಿರಬೇಕು. ಮಾರನೇ ದಿನ ಎಲ್ಲ ಲೈನಿನವರನ್ನೂ ಕೇಳಿದೆ. 62 ಸಾವಿರ ಬಾಕಿ. ಅಂದರೆ ಅರೆಯ ಮೇಲಿದ್ದ ಅಷ್ಟು ಸಾಮಾನು ಅಣ್ಣನದ್ದೇ ಅಲ್ಲ. ಆ ದುಡ್ಡನ್ನು ನಾನೇ ನೇರವಾಗಿ ಅವರಿಗೆ ಕೊಟ್ಟು ರಶೀದಿ ಪಡೆದೆ, ಅಣ್ಣನಿಗೆ ಕೊಡುವುದರಲ್ಲಿ ಮುರಿದುಕೊಂಡೆ.

ಕಡದ ಪುಸ್ತಕದಲ್ಲಿ 1.10 ಲಕ್ಷ ಇತ್ತು. ಅದನ್ನೂ ತೆಗೆದುಕೋ ಅಂದರು. ಬೇಡ ಅಂದೆ. ಮೂರು ತಿಂಗಳು ವಸೂಲಿ ಮಾಡಿ ಕೊಡುತ್ತೇನೆ, ಬಂದದ್ದು ನಿಮಗೆ. ಅಡಿಕೆ ಕೊಟ್ಟಾಗ ಕೊಡುವವರು ಕೊಟ್ಟರು. ಹಳೆ ಬಾಕಿಯ ಕೆಲವರು ನನ್ನ ಕಣ್ಣು ತಪ್ಪಿಸಲು ಒಂದು ಸ್ಟಾಪು ಮುಂದೆ ಇಳಿದು ಬೇರೆ ಅಂಗಡಿಗೆ ಹೋಗತೊಡಗಿದರು! ಕಡ ಗಿರಾಕಿಯನ್ನು ಕಟ್ಟಿಹಾಕುತ್ತದೆ ಅನ್ನುತ್ತಾರೆ. ಓಡಿಸುತ್ತದೆ ಕೂಡ.

ಗುಡ್‌ವಿಲ್ಲಿನ ಮಾತಿಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಲೆಕ್ಕದ ಹಾಳೆ ಮುಂದಿಟ್ಟೆ. ಅಣ್ಣ ಅದನ್ನು ಎರಡು ಸಲ ಓದಿ, "ಹಾಗಾದ್ರೆ ನಾನು ಇಷ್ಟು ವರ್ಷ ಸಂಬಳಕ್ಕೆ ದುಡಿದದ್ದಾ?" ಅಂದರು. ಅತ್ತಿಗೆ ಒಳಗಿಂದ, "ನನಗೆ ಅದೂ ಇಲ್ಲ" ಅಂದರು. ಎಲ್ಲರೂ ನಕ್ಕೆವು, ಅಲ್ಲಿಂದ ಮಾತು ಹಗುರಾಯಿತು. 60 ಸಾವಿರದಿಂದ 90ಕ್ಕೆ ಏರಿದೆ, ಆದರೆ 50 ಈಗ, 40 ಮೂರು ತಿಂಗಳ ನಂತರ. ಒಂದು ತಿಂಗಳು ಬೆಳಿಗ್ಗೆ ಅವರು ನನ್ನ ಜೊತೆ ಕೂರಬೇಕು, ಗಿರಾಕಿಗಳಿಗೆ ನನ್ನನ್ನು ಪರಿಚಯಿಸಬೇಕು. ಮೂರು ವರ್ಷ, ಮೂರು ಕಿಲೋಮೀಟರಿನೊಳಗೆ ಜೀನಸಿನ ಅಂಗಡಿ ತೆರೆಯಬಾರದು. ಇದೆಲ್ಲ ಸ್ಟಾಂಪ್ ಪೇಪರಿನಲ್ಲಿ ಆಯಿತು. ಯಾರನ್ನೂ ವ್ಯಾಪಾರ ಮಾಡದಂತೆ ತಡೆಯುವ ಕರಾರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಗುಡ್‌ವಿಲ್ ಮಾರಿದವರ ವಿಷಯದಲ್ಲಿ, ಜಾಗದ ಮಿತಿ ನ್ಯಾಯವಾಗಿದ್ದರೆ, 1872ರ ಕರಾರು ಕಾಯಿದೆಯ 27ನೇ ಸೆಕ್ಷನ್ನಿನಲ್ಲೇ ವಿನಾಯಿತಿ ಉಂಟು. ಅದಕ್ಕೇ ಪತ್ರದಲ್ಲಿ "ಗುಡ್‌ವಿಲ್" ಅನ್ನುವ ಪದವನ್ನೂ ಅದರ ಮೊತ್ತವನ್ನೂ ಬೇರೆಯಾಗಿ ಬರೆಸಿದೆ. ಸಾಮಾನು, ರ‍್ಯಾಕು, ಗುಡ್‌ವಿಲ್ ಸೇರಿ ಒಟ್ಟು 4.30 ಲಕ್ಷ.

ಇಷ್ಟೆಲ್ಲ ನೋಡಿದರೂ ಒಂದು ತಪ್ಪಿಹೋಯಿತು. ಕಡದ ಪುಸ್ತಕದಲ್ಲಿ "ಭಾವ" ಅಂತ ತಲೆಬರಹದ ಒಂದು ಪುಟ ಇತ್ತು. ಮನೆಯವರ ಲೆಕ್ಕ ಅಂದುಕೊಂಡು ದಾಟಿಸಿದೆ. ಅದು ಸ್ವಲ್ಪ ಕೆಳಗಿನ ಚಹಾದ ಹೋಟೆಲಿನದ್ದು, ಅತ್ತಿಗೆಯ ತಮ್ಮ ನಡೆಸುವುದು. ತಿಂಗಳಿಗೆ 25 ಸಾವಿರದ ಸಾಮಾನು ಇಲ್ಲಿಂದಲೇ ಹೋಗುತ್ತಿತ್ತು. ಎರಡನೇ ತಿಂಗಳಿನಿಂದ ಅವರು ಬದಿಯಡ್ಕದ ಹೋಲ್‌ಸೇಲಿಗೆ ಹೋದರು. ಅವರದ್ದು ತಪ್ಪಲ್ಲ, ಅಕ್ಕನ ಅಂಗಡಿ ಅಂತ ಬರುತ್ತಿದ್ದರು, ಈಗ ಅಕ್ಕ ಇಲ್ಲ. ನನಗೆ ಹೋದದ್ದು ತಿಂಗಳಿಗೆ 2,700 ರೂಪಾಯಿಯಷ್ಟು ಲಾಭ. ಗುಡ್‌ವಿಲ್ ಅಂತ ನಾನು ಲೆಕ್ಕ ಹಾಕಿದ್ದು ಎರಡೂವರೆ ಸಾವಿರ, ನೆನಪಿದೆಯಲ್ಲ?

ಪುಸ್ತಕದಿಂದ ದೊಡ್ಡ ಹತ್ತು ಗಿರಾಕಿಗಳನ್ನು ತೆಗೆದು, ಪ್ರತಿಯೊಬ್ಬರೂ ಬರುವುದು ಅಂಗಡಿಗಾ, ಅಣ್ಣನಿಗಾ ಅಂತ ಅವತ್ತೇ ಕೇಳಬೇಕಿತ್ತು.

ಮೂರು ತಿಂಗಳಾದ ಮೇಲೆ 40 ಸಾವಿರ ಕೊಡಲು ಹೋದಾಗ ಆ ಪುಟ ತೋರಿಸಿದೆ. ಅಣ್ಣ ಕನ್ನಡಕ ಹಾಕಿ ನೋಡಿದರು, ಅತ್ತಿಗೆಯ ಮುಖವನ್ನೂ ನೋಡಿದರು. 25 ಸಾವಿರ ಎಣಿಸಿಕೊಂಡು ಉಳಿದದ್ದನ್ನು ನನ್ನ ಕಿಸೆಗೇ ತುರುಕಿದರು. ಚಹಾ ಕುಡಿದು ಬಂದೆ. ಸಕ್ಕರೆ ನನ್ನ ಅಂಗಡಿಯದ್ದೇ.